ಸಿಲ್ವರ್ ಬ್ರೋಮೈಡ್‌ಗೆ ಕ್ಯಾಡ್ಮಿಯಂ ಹಾಕಿದರೆ ವಾಹಕತೆ ಮೊದಲು ಇಳಿಯುವುದು ಯಾಕೆ?

ಕಾವ್ಯ_ಎಂಎಸ್ಸಿ
ಎಲ್ಲರಿಗೂ ನಮಸ್ಕಾರ. ಒಂದು ಗ್ರಾಫ್ ತಲೆ ತಿನ್ನುತ್ತಿದೆ. ಘನಸ್ಥಿತಿ ರಸಾಯನಶಾಸ್ತ್ರದ ಕ್ಲಾಸಿನಲ್ಲಿ ಉಪ್ಪಿನ ಹರಳಿಗೆ (NaCl) ಸ್ವಲ್ಪ CdCl₂ ಬೆರೆಸಿದರೆ ವಾಹಕತೆ ಏರುತ್ತದೆ ಎಂದು ಹೇಳಿಕೊಟ್ಟರು. ಒಂದು Cd²⁺ ಬಂದು Na⁺ ಜಾಗದಲ್ಲಿ ಕೂತರೆ ಒಂದು ಧನ ಚಾರ್ಜ್ ಜಾಸ್ತಿ ಆಗುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದು Na⁺ ಜಾಗ ಖಾಲಿ ಬೀಳಬೇಕು. ಖಾಲಿ ಜಾಗ ಇದ್ದರೆ ಪಕ್ಕದ ಅಯಾನು ಅಲ್ಲಿಗೆ ಹಾರುತ್ತದೆ, ಕರೆಂಟ್ ಹರಿಯುತ್ತದೆ. ಇಲ್ಲಿಯವರೆಗೆ ಅರ್ಥ ಆಯಿತು.

ಆದರೆ AgBr ಗೆ CdBr₂ ಬೆರೆಸಿದ ಗ್ರಾಫಿನಲ್ಲಿ ಗೆರೆ ಮೊದಲು ಕೆಳಗಿಳಿದು, ತಳ ಮುಟ್ಟಿ, ಆಮೇಲೆ ಮೇಲೇರುತ್ತದೆ. ಹಾಕಿದ್ದು ಅದೇ ಕ್ಯಾಡ್ಮಿಯಂ, ಹುಟ್ಟುವುದು ಅದೇ ಖಾಲಿ ಜಾಗ. ಹಾಗಿದ್ದ ಮೇಲೆ ಮೊದಲು ಇಳಿಯುವುದು ಯಾಕೆ?

ರವಿ_ಮೆಟಲರ್ಜಿ
ಸಿಂಪಲ್. ಕ್ಯಾಡ್ಮಿಯಂ ಹೊರಗಿನ ಅಯಾನು, ಹರಳಿನ ದಾರಿಗೆ ಅಡ್ಡ ಕೂರುತ್ತದೆ. ಬೆಳ್ಳಿ ಅಯಾನುಗಳು ಅದಕ್ಕೆ ಸಿಕ್ಕಿಬೀಳುತ್ತವೆ. ತುಂಬಾ ಹಾಕಿದಾಗ ಖಾಲಿ ಜಾಗಗಳು ಸಾಕಷ್ಟಾಗಿ ಮತ್ತೆ ಏರುತ್ತದೆ.

ಹಳೇ_ಲ್ಯಾಬ್
ರವಿಯವರೇ, ಅಡ್ಡ ಕೂರುವ ಮಾತು ಇಲ್ಲಿ ನಿಲ್ಲುವುದಿಲ್ಲ. Cd²⁺ ತ್ರಿಜ್ಯ ಸುಮಾರು 0.95 ಆಂಗ್‌ಸ್ಟ್ರಾಮ್, Ag⁺ ಸುಮಾರು 1.15. ಬಂದವನೇ ಚಿಕ್ಕವನು. ಅದೂ ಅಲ್ಲದೆ ಲಕ್ಷಕ್ಕೆ ಒಂದೋ ಹತ್ತೋ ಇರುವ ಅಯಾನು ಉಳಿದವರ ದಾರಿಯನ್ನೆಲ್ಲ ಹೇಗೆ ಕಟ್ಟೀತು?

ಕಾವ್ಯ, ನಿಮ್ಮ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಉಪ್ಪಿನಲ್ಲಿ ಇರುವುದು ಶಾಟ್ಕಿ ದೋಷ. ಒಂದು Na⁺ ಜಾಗ, ಒಂದು Cl⁻ ಜಾಗ, ಎರಡೂ ಜೋಡಿಯಾಗಿ ಖಾಲಿ. AgBr ನಲ್ಲಿ ಇರುವುದು ಫ್ರೆಂಕೆಲ್ ದೋಷ. ಬೆಳ್ಳಿ ಅಯಾನು ತನ್ನ ಜಾಗ ಬಿಟ್ಟು ಹರಳಿನೊಳಗೇ ಒಂದು ಸಂದಿಗೆ ಹೋಗಿ ಕೂರುತ್ತದೆ. ಹಿಂದೆ ಖಾಲಿ ಜಾಗ, ಮುಂದೆ ಸಂದಿಯಲ್ಲೊಂದು ಅಯಾನು. ಹರಳಿನಿಂದ ಏನೂ ಹೊರಗೆ ಹೋಗಿಲ್ಲ, ಚಾರ್ಜ್ ಸರಿಯಾಗಿಯೇ ಇದೆ.

ಹಾಗಾಗಿ AgBr ನಲ್ಲಿ ಕರೆಂಟ್ ಒಯ್ಯುವವರು ಇಬ್ಬರು: ಖಾಲಿ ಜಾಗ ಒಬ್ಬ, ಸಂದಿ ಅಯಾನು ಇನ್ನೊಬ್ಬ. ಇಬ್ಬರಲ್ಲಿ ಸಂದಿ ಅಯಾನೇ ಚುರುಕು. ಕ್ಯಾಡ್ಮಿಯಂ ನಿಧಾನದವನನ್ನು ಹೆಚ್ಚಿಸುತ್ತದೆ, ಚುರುಕಿನವನನ್ನು ಕಡಿಮೆ ಮಾಡುತ್ತದೆ. ಇಳಿತ ಅಲ್ಲಿಂದ ಬಂತು. ಇದನ್ನು 1937ರಲ್ಲೇ ಕೋಖ್ ಮತ್ತು ವಾಗ್ನರ್ ಅಳೆದು ತೋರಿಸಿದ್ದಾರೆ.

ಉಪ್ಪಿನಕಾಯಿ_ಪ್ರಿಯ
ನಾನು ಮನೆಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದ್ದೇನೆ. ಕಲ್ಲುಪ್ಪಿನ ಎರಡು ಕಡೆ ಪ್ರೋಬ್ ಒತ್ತಿದರೆ ರೀಡಿಂಗ್ ಬರುತ್ತದೆ. ಮಳೆಗಾಲದಲ್ಲಂತೂ ಚೆನ್ನಾಗಿಯೇ ಬರುತ್ತದೆ. ಅಂದರೆ ಈ ದೋಷಗಳಿಂದಲೇ ಕರೆಂಟ್ ಹರಿಯುತ್ತಿದೆ ಅಲ್ವಾ?

ಹಳೇ_ಲ್ಯಾಬ್
ಅಲ್ಲ. ಅದು ಹರಳಿನ ಮೈಮೇಲೆ ಕೂತ ತೇವ. ಆ ನೀರಿನಲ್ಲಿ ಕರಗಿದ ಉಪ್ಪು ಕರೆಂಟ್ ಒಯ್ಯುತ್ತಿದೆ. ಮಳೆಗಾಲದಲ್ಲಿ ಜಾಸ್ತಿ ಆಗುತ್ತದೆ ಎಂದು ನೀವೇ ಹೇಳಿದಿರಿ, ಅದೇ ಗುರುತು. ಹರಳನ್ನು ನೂರೈವತ್ತು ಡಿಗ್ರಿಗೆ ಕಾಯಿಸಿ ಒಣಗಿಸಿ ನೋಡಿ, ಮೀಟರ್ ಏನೂ ತೋರಿಸುವುದಿಲ್ಲ. ಹರಳಿನ ಒಳಗಿನ ವಾಹಕತೆ ಬಿಸಿ ಆದಷ್ಟೂ ಏರಬೇಕು. ಬಿಸಿ ಮಾಡಿದಾಗ ಮೊದಲು ಇಳಿದರೆ ಅದು ನೀರಿನ ಕೆಲಸ.

ಸಹನಾ_ಬ್ಯಾಟರಿ
ಕೋಣೆಯ ಉಷ್ಣತೆಯಲ್ಲಿ ಉಪ್ಪಿನೊಳಗೆ ದೋಷಗಳು ಎಷ್ಟು ಕಡಿಮೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. NaCl ನಲ್ಲಿ ಒಂದು ಶಾಟ್ಕಿ ಜೋಡಿ ಹುಟ್ಟಲು ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಬೇಕು. ಸೂತ್ರ ಇದು:

```
n/N = exp(-E / 2kT)
```

300 ಕೆಲ್ವಿನ್‌ನಲ್ಲಿ ಇದು 7 × 10⁻²¹ ಬರುತ್ತದೆ. ಒಂದು ಘನ ಸೆಂಟಿಮೀಟರ್ ಉಪ್ಪಿನಲ್ಲಿ ಸುಮಾರು 2.2 × 10²² Na⁺ ಜಾಗ ಇವೆ. ಗುಣಿಸಿದರೆ ಇಡೀ ಹರಳಿನಲ್ಲಿ ಸುಮಾರು ನೂರೈವತ್ತು ಖಾಲಿ ಜಾಗ!

ಈಗ AgBr ತಗೊಳ್ಳಿ. ಫ್ರೆಂಕೆಲ್ ಜೋಡಿಗೆ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಅದೇ ಸೂತ್ರ, ಅದೇ ಉಷ್ಣತೆ, ಅಷ್ಟೇ ದೊಡ್ಡ ಹರಳು. ಬರುವುದು ಸುಮಾರು 12 ಲಕ್ಷ ಕೋಟಿ. ಶಕ್ತಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಗಿದ್ದಕ್ಕೆ ಇಷ್ಟು ವ್ಯತ್ಯಾಸ.

ನಾಗರಾಜ್_ಭೌತ
ಸಹನಾ ಮೇಡಂ, ಒಂದು ತಿದ್ದುಪಡಿ. ನೀವು ಎಂಟ್ರೊಪಿಯ ಪದ ಬಿಟ್ಟಿದ್ದೀರಿ. ಖಾಲಿ ಜಾಗದ ಅಕ್ಕಪಕ್ಕದ ಅಯಾನುಗಳ ಕಂಪನ ಬದಲಾಗುವುದರಿಂದ ಮುಂದೆ ಒಂದು ಗುಣಕ ಬರುತ್ತದೆ. NaCl ನಲ್ಲಿ ಅದು ನೂರರ ಆಸುಪಾಸು. ಹಾಗಾಗಿ ನಿಮ್ಮ ನೂರೈವತ್ತು ಹದಿನೈದು ಸಾವಿರ ಆದೀತು.

ಸಹನಾ_ಬ್ಯಾಟರಿ
ಒಪ್ಪಿದೆ, AgBr ಗೂ ಅಂಥದ್ದೇ ಗುಣಕ ಇದೆ. ಆದರೆ ಹದಿನೈದು ಸಾವಿರವೇ ಇರಲಿ, 10²² ಅಯಾನುಗಳ ನಡುವೆ ಅದು ಲೆಕ್ಕಕ್ಕೇ ಇಲ್ಲ. ಎಷ್ಟೇ ಶುದ್ಧ ಎಂದು ಬರೆದ ಉಪ್ಪಿನ ಬಾಟಲಿಯಲ್ಲೂ ಕ್ಯಾಲ್ಸಿಯಂ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಕೋಣೆಯ ಉಷ್ಣತೆಯಲ್ಲಿ ಉಪ್ಪಿನ ಖಾಲಿ ಜಾಗಗಳೆಲ್ಲ ಕಲಬೆರಕೆಯಿಂದ ಬಂದವೇ. ಹರಳಿನ ಸ್ವಂತದ್ದು ಮೇಲುಗೈ ಪಡೆಯಬೇಕಾದರೆ ನಾಲ್ಕೈದು ನೂರು ಡಿಗ್ರಿ ಸೆಲ್ಸಿಯಸ್ ದಾಟಬೇಕು.

ಕಾವ್ಯ_ಎಂಎಸ್ಸಿ
ಹಳೇ ಲ್ಯಾಬ್ ಸಾರ್, ಕ್ಯಾಡ್ಮಿಯಂ ಖಾಲಿ ಜಾಗ ಹೆಚ್ಚಿಸುತ್ತದೆ, ಸರಿ. ಆದರೆ ಸಂದಿ ಅಯಾನುಗಳನ್ನು ಕಡಿಮೆ ಮಾಡುವುದು ಯಾಕೆ? ಅವನ್ನು ಯಾರೂ ಮುಟ್ಟಲೇ ಇಲ್ಲವಲ್ಲ.

ಹಳೇ_ಲ್ಯಾಬ್
ಒಳ್ಳೇ ಪ್ರಶ್ನೆ. ಫ್ರೆಂಕೆಲ್ ಜೋಡಿಗಳು ಹುಟ್ಟುತ್ತಲೇ ಇರುತ್ತವೆ, ಸಾಯುತ್ತಲೇ ಇರುತ್ತವೆ. ಹುಟ್ಟುವ ವೇಗ ಉಷ್ಣತೆಯ ಮೇಲೆ ಮಾತ್ರ ನಿಂತಿದೆ. ಸಾಯುವುದು ಅಂದರೆ ಅಲೆದಾಡುವ ಸಂದಿ ಅಯಾನು ಒಂದು ಖಾಲಿ ಜಾಗಕ್ಕೆ ಎಡವಿ ಒಳಗೆ ಬೀಳುವುದು. ಅದು ಇಬ್ಬರ ಸಂಖ್ಯೆಯ ಗುಣಲಬ್ಧದಂತೆ ನಡೆಯುತ್ತದೆ. ಹುಟ್ಟು ಸಾವು ಸಮ ಆದಾಗ ಆ ಗುಣಲಬ್ಧ ಒಂದು ಸ್ಥಿರ ಸಂಖ್ಯೆ. ನೀವು ಖಾಲಿ ಜಾಗಗಳನ್ನು ತುಂಬಿಸಿದರೆ ಸಂದಿ ಅಯಾನು ಬೀಳುವ ಸಂದರ್ಭ ಹೆಚ್ಚುತ್ತದೆ, ಅದರ ಸಂಖ್ಯೆ ಇಳಿಯುತ್ತದೆ.

ಅಂಕಿ ಹಾಕಿ ನೋಡೋಣ. ಲೆಕ್ಕ ಸುಲಭ ಆಗಲಿ ಎಂದು ಸಂದಿ ಅಯಾನು ಖಾಲಿ ಜಾಗಕ್ಕಿಂತ ನಾಲ್ಕು ಪಟ್ಟು ಚುರುಕು ಎಂದಿಟ್ಟುಕೊಳ್ಳಿ. ಶುದ್ಧ ಹರಳಿನ ಒಂದು ಚೂರಿನಲ್ಲಿ ಎರಡೂ ನೂರು ನೂರು ಇವೆ. ಗುಣಲಬ್ಧ 10,000. ಕರೆಂಟಿಗೆ ಸಂದಿಯ ಪಾಲು 4 × 100 = 400, ಖಾಲಿ ಜಾಗದ್ದು 100, ಒಟ್ಟು 500.

ಈಗ 150 ಕ್ಯಾಡ್ಮಿಯಂ ಹಾಕಿ. ಎರಡು ಷರತ್ತು ಉಳಿಯಬೇಕು: ಗುಣಲಬ್ಧ 10,000 ಇರಬೇಕು, ಮತ್ತು ಕ್ಯಾಡ್ಮಿಯಂ ಜೊತೆ ಸಂದಿ ಅಯಾನು ಸೇರಿದರೆ ಖಾಲಿ ಜಾಗದ ಸಂಖ್ಯೆಗೆ ಸಮ ಆಗಬೇಕು. ಉತ್ತರ: ಖಾಲಿ ಜಾಗ 200, ಸಂದಿ 50. ಕರೆಂಟ್ 4 × 50 + 200 = 400. ನೋಡಿ, 500 ಇದ್ದದ್ದು 400ಕ್ಕೆ ಇಳಿಯಿತು. ಇಬ್ಬರ ಪಾಲೂ ಸಮ ಆದ ಈ ಜಾಗವೇ ಗ್ರಾಫಿನ ತಳ.

ಕ್ಯಾಡ್ಮಿಯಂ 375 ಮಾಡಿದರೆ ಖಾಲಿ ಜಾಗ 400, ಸಂದಿ 25. ಕರೆಂಟ್ 100 + 400, ಮತ್ತೆ 500ಕ್ಕೆ ಬಂತು. 990 ಹಾಕಿದರೆ ಖಾಲಿ ಜಾಗ 1000, ಸಂದಿ ಬರೀ 10, ಕರೆಂಟ್ 1040. ಅಲ್ಲಿಂದ ಮುಂದೆ ನೇರ ಏರು.

ಕಾವ್ಯ_ಎಂಎಸ್ಸಿ
ಅಬ್ಬಾ, ಈಗ ಕಾಣಿಸಿತು! ಹಾಗಾದರೆ ತಳ ಎಷ್ಟು ಆಳ ಇದೆ ಎಂದು ನೋಡಿದರೆ ಚುರುಕಿನ ಅನುಪಾತವೇ ಸಿಗಬೇಕಲ್ಲ?

ನಾಗರಾಜ್_ಭೌತ
ಹೌದು, ಈ ಪ್ರಯೋಗದ ಸೊಗಸೇ ಅದು. ಅನುಪಾತ φ ಆದರೆ ತಳದಲ್ಲಿ

```
σ_min / σ_0 = 2√φ / (1 + φ)
```

ನಾಲ್ಕಕ್ಕೆ 0.8, ಒಂಬತ್ತಕ್ಕೆ 0.6. ಆಳದಿಂದ φ ತಿಳಿಯಿತು. ತಳ ಎಷ್ಟು ಕ್ಯಾಡ್ಮಿಯಂಗೆ ಬಂತು ಎಂಬುದರಿಂದ ಶುದ್ಧ ಹರಳಿನಲ್ಲಿ ಎಷ್ಟು ದೋಷ ಇದ್ದವು ಎಂದೂ ತಿಳಿಯುತ್ತದೆ. ಕಣ್ಣಿಗೆ ಕಾಣದ ದೋಷಗಳನ್ನು ಎಣಿಸುವುದಕ್ಕೆ ಇದಕ್ಕಿಂತ ಚೆಂದದ ದಾರಿ ನಾನು ಕಂಡಿಲ್ಲ.

ರವಿ_ಮೆಟಲರ್ಜಿ
ಗುಣಲಬ್ಧದ ಲೆಕ್ಕ ಚೆನ್ನಾಗಿದೆ. ಆದರೂ ಸಿಕ್ಕಿಬೀಳುವುದು ಇಲ್ಲವೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಕ್ಯಾಡ್ಮಿಯಂ ಸುತ್ತ ದೋಷಗಳು ಅಂಟಿಕೊಳ್ಳುತ್ತವೆ ಎಂದು ಎಲ್ಲ ಕಡೆ ಓದುತ್ತೇವೆ.

ಸಹನಾ_ಬ್ಯಾಟರಿ
ಅಂಟಿಕೊಳ್ಳುತ್ತವೆ ರವಿ, ಆದರೆ ಯಾರು ಎಂದು ನೋಡಿ. Ag⁺ ಜಾಗದಲ್ಲಿ ಕೂತ Cd²⁺ ಸುತ್ತಲಿನ ಹರಳಿಗೆ +1 ನಂತೆ ಕಾಣುತ್ತದೆ. ಸಂದಿಯ Ag⁺ ಕೂಡ +1. ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತಾರೆ. Ag⁺ ಇಲ್ಲದ ಖಾಲಿ ಜಾಗ ಮಾತ್ರ -1 ನಂತೆ ಇರುತ್ತದೆ, ಅಂಟುವುದು ಅದು. ಉಷ್ಣತೆ ಕಡಿಮೆ ಆದಾಗ ಈ ಜೋಡಿಗಳು ಹೆಚ್ಚುತ್ತವೆ. ಅಂಟಿದ ಖಾಲಿ ಜಾಗ ಕ್ಯಾಡ್ಮಿಯಂ ಸುತ್ತ ಸುತ್ತುತ್ತದೆ, ದೂರ ಹೋಗುವುದಿಲ್ಲ, ಕರೆಂಟಿಗೆ ಲೆಕ್ಕಕ್ಕಿಲ್ಲ. ಇದರಿಂದ ಗ್ರಾಫಿನ ಬಲಗಡೆಯ ಏರು ಸ್ವಲ್ಪ ಬಾಗುತ್ತದೆ. ಎಡಗಡೆಯ ಇಳಿತಕ್ಕೆ ಅದು ಕಾರಣ ಅಲ್ಲ.

ಇನ್ನೂ ಅನುಮಾನ ಇದ್ದರೆ ಎದುರು ಪರೀಕ್ಷೆ ಇದೆ. ಕ್ಯಾಡ್ಮಿಯಂ ಬದಲು Ag₂S ಬೆರೆಸಿ. S²⁻ ಹೋಗಿ Br⁻ ಜಾಗದಲ್ಲಿ ಕೂರುತ್ತದೆ, ಒಂದು ಋಣ ಚಾರ್ಜ್ ಜಾಸ್ತಿ ಆಗುತ್ತದೆ. ಅದನ್ನು ಸರಿದೂಗಿಸುವುದು ಸಂದಿಯ Ag⁺. ಚುರುಕಿನವನೇ ಹೆಚ್ಚಿದ್ದರಿಂದ ವಾಹಕತೆ ಇಳಿಯದೆ ಮೊದಲಿನಿಂದಲೇ ಏರುತ್ತದೆ. ಟೆಲ್ಟೋವ್ ಎರಡನ್ನೂ ಮಾಡಿ ತೋರಿಸಿದ್ದಾರೆ. ಹೊರಗಿನ ಅಯಾನು ದಾರಿಗೆ ಅಡ್ಡ ಬರುವುದೇ ಕಾರಣ ಆಗಿದ್ದರೆ ಗಂಧಕ ಹಾಕಿದಾಗಲೂ ಇಳಿಯಬೇಕಿತ್ತು.

ರವಿ_ಮೆಟಲರ್ಜಿ
ಗಂಧಕದ ಪರೀಕ್ಷೆ ಗಟ್ಟಿಯಾಗಿದೆ. ತಣ್ಣಗಿರುವಾಗ ಅಂಟುವಿಕೆ ಲೆಕ್ಕಕ್ಕೆ ಬರುತ್ತದೆ ಎಂಬ ನನ್ನ ಮಾತೂ ಉಳಿಯಿತು.

ಗಿರೀಶ್_ಸಿವಿಲ್
ಚಾರ್ಜ್ ಸರಿದೂಗಲೇಬೇಕು ಎಂದು ಎಲ್ಲರೂ ಹೇಳುತ್ತೀರಿ. ಲಕ್ಷಾಂತರ ಕೋಟಿ ಅಯಾನುಗಳ ನಡುವೆ ನಾಲ್ಕು ಚಾರ್ಜ್ ಹೆಚ್ಚು ಕಡಿಮೆ ಆದರೆ ಏನು ನಷ್ಟ?

ನಾಗರಾಜ್_ಭೌತ
ನಾಲ್ಕು ಆದರೆ ಏನೂ ಇಲ್ಲ. ಆದರೆ ಹತ್ತು ಲಕ್ಷಕ್ಕೆ ಒಂದರಂತೆ ಕ್ಯಾಡ್ಮಿಯಂ ಹಾಕಿ, ಸರಿದೂಗಿಸದೆ ಬಿಟ್ಟರು ಎಂದುಕೊಳ್ಳಿ. ಒಂದು ಘನ ಸೆಂಟಿಮೀಟರ್ ಹರಳಿನಲ್ಲಿ ಸುಮಾರು 2 × 10¹⁶ ಹೆಚ್ಚುವರಿ ಚಾರ್ಜ್, ಅಂದರೆ 3 ಮಿಲಿಕೂಲಂಬಿಗೂ ಸ್ವಲ್ಪ ಜಾಸ್ತಿ. ಆ ಗಾತ್ರದ ಗುಂಡಿನ ಮೇಲೆ ಅಷ್ಟು ಚಾರ್ಜ್ ಇಟ್ಟರೆ ವೋಲ್ಟೇಜ್ ನೂರು ಕೋಟಿ ಮೀರುತ್ತದೆ. ಹರಳು ಉಳಿಯುವುದಿಲ್ಲ. ಅದರ ಮುಂದೆ ಒಂದು ಜಾಗ ಖಾಲಿ ಮಾಡುವ ಶಕ್ತಿ ತೀರಾ ಅಗ್ಗ.

ಗಿರೀಶ್_ಸಿವಿಲ್
ನೂರು ಕೋಟಿ ವೋಲ್ಟ್! ಸರಿ, ಇನ್ನು ಕೇಳುವುದಿಲ್ಲ.

ಸ್ಟುಡಿಯೋ_ಮಂಜಣ್ಣ
ನಾನು ಫಿಲಂ ಕಾಲದ ಫೋಟೋಗ್ರಾಫರ್. ಸಿಲ್ವರ್ ಬ್ರೋಮೈಡ್ ಎಂದ ಕೂಡಲೇ ಒಳಗೆ ಬಂದೆ. ನಮ್ಮ ಫಿಲಂನಲ್ಲಿ ಇದ್ದದ್ದು ಇದೇ ಅಲ್ವಾ? ನೀವು ಹೇಳುವ ಸಂದಿ ಅಯಾನುಗಳಿಗೂ ಚಿತ್ರ ಮೂಡುವುದಕ್ಕೂ ಸಂಬಂಧ ಇದೆಯಾ?

ಸಹನಾ_ಬ್ಯಾಟರಿ
ನೇರ ಸಂಬಂಧ ಮಂಜಣ್ಣ. ಬೆಳಕು ಬಿದ್ದಾಗ ಹರಳಿನಲ್ಲಿ ಒಂದು ಎಲೆಕ್ಟ್ರಾನ್ ಬಿಡುಗಡೆ ಆಗಿ ಯಾವುದೋ ಒಂದು ಬಿಂದುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲೆಯುತ್ತಿದ್ದ ಸಂದಿ Ag⁺ ಅಲ್ಲಿಗೆ ಬಂದು ಬೆಳ್ಳಿಯ ಪರಮಾಣು ಆಗುತ್ತದೆ. ಮತ್ತೊಂದು ಎಲೆಕ್ಟ್ರಾನ್, ಮತ್ತೊಂದು ಅಯಾನು. ಹೀಗೆ ಕೆಲವೇ ಪರಮಾಣುಗಳ ಬೆಳ್ಳಿ ಚುಕ್ಕೆ ಕಟ್ಟುತ್ತದೆ. ನೀವು ಡೆವಲಪರ್‌ನಲ್ಲಿ ಅದ್ದಿದಾಗ ಕಪ್ಪಾಗಿ ಬೆಳೆಯುವುದು ಆ ಚುಕ್ಕೆ ಇದ್ದ ಕಣ. 1938ರಲ್ಲಿ ಗರ್ನಿ ಮತ್ತು ಮಾಟ್ ಕೊಟ್ಟ ವಿವರಣೆ ಇದು. ದ್ರವ ಸಾರಜನಕದ ತಣ್ಣಗೆಗೆ ಇಳಿಸಿದರೆ ಅಯಾನುಗಳು ಓಡಾಡಲಾರವು, ಫಿಲಂನ ಸೂಕ್ಷ್ಮತೆ ಕುಸಿಯುತ್ತದೆ.

ಸ್ಟುಡಿಯೋ_ಮಂಜಣ್ಣ
ಎಷ್ಟೋ ವರ್ಷ ಡಾರ್ಕ್‌ರೂಮಿನಲ್ಲಿ ಕಳೆದೆ, ಇದನ್ನು ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ತಂಗಿ.

ಬಸ್ಸು_ಗ್ಯಾರೇಜ್
ಹೊಸ ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಗಾಡಿ ತಣ್ಣಗಿದ್ದಾಗ ಅದು ರೀಡಿಂಗ್ ಕೊಡುವುದಿಲ್ಲ. ನಾಲ್ಕು ವೈರ್ ಇರುವ ಸೆನ್ಸರಿನಲ್ಲಿ ಎರಡು ಬರೀ ಹೀಟರಿಗೆ. ಅದೂ ಇಂಥದ್ದೇ ಎಂದು ಯಾರೋ ಹೇಳಿದರು, ನಿಜವಾ?

ಹಳೇ_ಲ್ಯಾಬ್
ನಿಜ ಬಸಣ್ಣ. ಅದು ಜಿರ್ಕೋನಿಯಾ, ZrO₂, ಅದಕ್ಕೆ Y₂O₃ ಬೆರೆಸಿರುತ್ತಾರೆ. Zr⁴⁺ ಜಾಗದಲ್ಲಿ ಎರಡು Y³⁺ ಕೂತರೆ ಒಂದು O²⁻ ಜಾಗ ಖಾಲಿ ಆಗಬೇಕು. ಇಲ್ಲಿ ಓಡಾಡುವುದು ಆಮ್ಲಜನಕದ ಅಯಾನು. ಅದು ಹಾರಬೇಕಾದ ಅಡ್ಡಗೋಡೆ ಎತ್ತರ, ಅದಕ್ಕೇ ಮುನ್ನೂರು ಡಿಗ್ರಿ ದಾಟುವವರೆಗೆ ಸುಮ್ನೆ ಕೂತಿರುತ್ತದೆ. ಹೀಟರ್ ಕೆಟ್ಟರೆ ಸೆನ್ಸರ್ ಸತ್ತಂತೆ ಕಾಣುವುದೂ ಇದಕ್ಕೇ. ರವಿಯವರ ಅಂಟುವಿಕೆಗೆ ಇದು ಒಳ್ಳೇ ಉದಾಹರಣೆ: Y₂O₃ ಶೇಕಡಾ ಎಂಟರ ಆಸುಪಾಸು ದಾಟಿದರೆ ಖಾಲಿ ಜಾಗ ಹೆಚ್ಚಿದರೂ ವಾಹಕತೆ ಇಳಿಯತೊಡಗುತ್ತದೆ.

ಪ್ರಜ್ವಲ್_ಸೆಕೆಂಡ್_ಪಿಯು
ಸಂದಿ ಅಯಾನೇ ಚುರುಕು ಎನ್ನುತ್ತೀರಿ. ಸಂದಿ ಇಕ್ಕಟ್ಟು ಅಲ್ವಾ? ಖಾಲಿ ಜಾಗದಲ್ಲಿ ತಾನೇ ಓಡಾಡಲು ಸಲೀಸು?

ಸಹನಾ_ಬ್ಯಾಟರಿ
ಒಂದು ಸಂದಿಯಿಂದ ಇನ್ನೊಂದಕ್ಕೆ ನುಸುಳಬೇಕಾಗಿದ್ದರೆ ನಿಜಕ್ಕೂ ಕಷ್ಟ. AgBr ನಲ್ಲಿ ನಡೆಯುವುದು ಬೇರೆ. ತುಂಬಿದ ಬಸ್ಸಿನಲ್ಲಿ ನಿಂತವನು ಕೂತವನನ್ನು ಎಬ್ಬಿಸಿ ತಾನು ಕೂತರೆ, ಎದ್ದವನು ಮುಂದೆ ನಿಲ್ಲುತ್ತಾನೆ. ಹಾಗೆ ಸಂದಿಯ Ag⁺ ಪಕ್ಕದ ಜಾಗದ Ag⁺ ಅನ್ನು ಆಚೆ ಸಂದಿಗೆ ತಳ್ಳಿ ಅದರ ಜಾಗ ಹಿಡಿಯುತ್ತದೆ. ಇದಕ್ಕೆ ಬೇಕಾದ ಶಕ್ತಿ 0.1 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಖಾಲಿ ಜಾಗ ಹಾರಲು ಸುಮಾರು 0.3 ಬೇಕು. Ag⁺ ನ ಹೊರಗಿನ ಎಲೆಕ್ಟ್ರಾನ್ ಪದರ ಸುಲಭವಾಗಿ ಆಕಾರ ಬದಲಿಸುತ್ತದೆ, ಹಾಗಾಗಿ ಇಕ್ಕಟ್ಟಿನಲ್ಲೂ ನುಸುಳುತ್ತದೆ. Na⁺ ಹಾಗಲ್ಲ, ಗಟ್ಟಿ ಗುಂಡು.

ಪ್ರಜ್ವಲ್_ಸೆಕೆಂಡ್_ಪಿಯು
ಹಾಗಾದರೆ ಬಿಸಿ ಮಾಡಿದರೆ ಖಾಲಿ ಜಾಗದ ವೇಗ ಹೆಚ್ಚು ಬೇಗ ಏರಬೇಕು. 0.3 ಇರುವವನಿಗೆ ಬಿಸಿಯಿಂದ ಲಾಭ ಜಾಸ್ತಿ ಅಲ್ವಾ?

ನಾಗರಾಜ್_ಭೌತ
ಭೇಷ್ ತಮ್ಮ. ಅದೇ ಕಾರಣಕ್ಕೆ ಉಷ್ಣತೆ ಏರಿದಂತೆ φ ಇಳಿಯುತ್ತದೆ, ತಳ ಆಳ ಕಳೆದುಕೊಳ್ಳುತ್ತದೆ. ಜೊತೆಗೆ ಹರಳಿನ ಸ್ವಂತ ದೋಷಗಳೂ ಹೆಚ್ಚುವುದರಿಂದ ತಳ ಮುಟ್ಟಲು ಇನ್ನೂ ಜಾಸ್ತಿ ಕ್ಯಾಡ್ಮಿಯಂ ಬೇಕಾಗುತ್ತದೆ.

ಕಾವ್ಯ_ಎಂಎಸ್ಸಿ
ಈಗ ನಿಜವಾದ ಸಮಸ್ಯೆ ಹೇಳುತ್ತೇನೆ. ಪ್ರಾಜೆಕ್ಟಿಗೆ ಇದನ್ನೇ ಅಳೆಯುತ್ತಿದ್ದೇವೆ. ಪುಡಿಯನ್ನು ಒತ್ತಿ ಪೆಲೆಟ್ ಮಾಡಿ, ಎರಡು ಕಡೆ ಬೆಳ್ಳಿ ಪೇಸ್ಟ್ ಹಚ್ಚಿ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸಿ ಬ್ರಿಡ್ಜ್‌ನಿಂದ ಅಳೆದೆವು. ನಮ್ಮ ಗೆರೆಯಲ್ಲಿ ಇಳಿತವೇ ಇಲ್ಲ, ಮೊದಲಿನಿಂದಲೇ ಏರು. ಗೈಡ್ ಮೇಡಂ ಮತ್ತೆ ಮಾಡಿ ಎಂದಿದ್ದಾರೆ.

ಹಳೇ_ಲ್ಯಾಬ್
ಮೊದಲ ಅನುಮಾನ ನಿಮ್ಮ "ಶುದ್ಧ" AgBr ಮೇಲೆ. ಅದರಲ್ಲಿ ಆಗಲೇ ಎರಡು ಚಾರ್ಜಿನ ಲೋಹದ ಅಯಾನುಗಳು ಸಾಕಷ್ಟಿದ್ದರೆ ನೀವು ಅಳತೆ ಶುರು ಮಾಡಿದ್ದೇ ತಳದ ಬಲಗಡೆಯಿಂದ. ಅಲ್ಲಿಂದ ಏರು ಮಾತ್ರ ಕಾಣುತ್ತದೆ. ಪತ್ತೆ ಮಾಡುವುದು ಸುಲಭ: ಕ್ಯಾಡ್ಮಿಯಂ ಇಲ್ಲದ ಮಾದರಿಗೆ log(σT) ಮತ್ತು 1/T ಗೆರೆ ಎಳೆಯಿರಿ. ಇಳಿಜಾರಿನಿಂದ ಸಿಗುವ ಶಕ್ತಿ 0.3 ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಬಂದರೆ ಕಲಬೆರಕೆಯ ಖಾಲಿ ಜಾಗಗಳು ಆಳುತ್ತಿವೆ. ಶುದ್ಧ ಇದ್ದರೆ 1.1ರ ಅರ್ಧಕ್ಕೆ ಚಲನೆಯ ಶಕ್ತಿ ಸೇರಿ 0.7ರ ಹತ್ತಿರ ಬರಬೇಕು.

ಪುಡಿ ಮಾಡಿದ್ದು ಬೆಳಕಿನಲ್ಲಾ? ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಬೆಳ್ಳಿ ಲೋಹ ಕಟ್ಟಿದೆ, ಆ ಮಾದರಿಯನ್ನು ಬಿಟ್ಟುಬಿಡಿ. ಕೆಂಪು ಬೆಳಕಿನಲ್ಲಿ ಕೆಲಸ ಮಾಡಿ.

ಸಹನಾ_ಬ್ಯಾಟರಿ
ನನ್ನ ಅನುಮಾನ ಪೆಲೆಟ್ ಮೇಲೆ. ಒತ್ತಿದ ಪುಡಿಯಲ್ಲಿ ಕಣಗಳ ಗಡಿ ತುಂಬಾ ಇರುತ್ತದೆ. ಗಡಿಯ ಹತ್ತಿರ ಖಾಲಿ ಜಾಗ ಮತ್ತು ಸಂದಿ ಅಯಾನುಗಳ ಸಂಖ್ಯೆ ಒಳಗಿನಂತೆ ಸಮ ಇರುವುದಿಲ್ಲ. ಚಾರ್ಜಿನ ಸಮತೋಲವನ್ನು ಅಲ್ಲಿ ಗಡಿಯ ಮೇಲಿನ ಚಾರ್ಜ್ ಸೇರಿಸಿ ನೋಡಬೇಕು. ಕ್ಯಾಡ್ಮಿಯಂ ಸಹ ಒಳಗೆ ಸಮವಾಗಿ ಹರಡದೆ ಅಲ್ಲೇ ಕೂತಿರಬಹುದು. ಬೆರೆಸಿದ್ದನ್ನು ಕರಗಿಸಿದಿರಾ ಅಥವಾ ಒರಳಿನಲ್ಲಿ ಅರೆದಿರಾ?

ಕಾವ್ಯ_ಎಂಎಸ್ಸಿ
ಅರೆದು, 300 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟಿದ್ದೆವು. ಬಣ್ಣ ಸ್ವಲ್ಪ ಬೂದು ಇದೆ ಸಾರ್.

ಹಳೇ_ಲ್ಯಾಬ್
ಕರಗಿಸಿ. AgBr 432 ಡಿಗ್ರಿಗೆ ಕರಗುತ್ತದೆ, ಸಿಲಿಕಾ ಕೊಳವೆಯಲ್ಲಿ ಕಷ್ಟ ಇಲ್ಲ. ನಿಧಾನ ತಣ್ಣಗೆ ಮಾಡಿದರೆ ದೊಡ್ಡ ಹರಳುಗಳೇ ಸಿಗುತ್ತವೆ. ಪೆಲೆಟ್ ಒತ್ತುವ ಪ್ರಮೇಯವೇ ಬರುವುದಿಲ್ಲ. ಆದರೂ ನನಗೆ ಕಣಗಳ ಗಡಿಗಿಂತ ಕಲಬೆರಕೆಯೇ ಕಾರಣ ಅನ್ನಿಸುತ್ತದೆ.

ಸಹನಾ_ಬ್ಯಾಟರಿ
ನಾನು ಇನ್ನೂ ಗಡಿಯ ಪರವೇ. ಕಾವ್ಯ, ಇರುವ ಪೆಲೆಟ್ಟನ್ನೇ ಎಸಿಯ ಬೇರೆ ಬೇರೆ ಆವರ್ತನದಲ್ಲಿ ಅಳೆಯಿರಿ. ಗಡಿಯ ಪಾಲು ದೊಡ್ಡದಿದ್ದರೆ ಇಂಪೆಡೆನ್ಸ್ ಗ್ರಾಫಿನಲ್ಲಿ ಒಂದರ ಬದಲು ಎರಡು ಅರ್ಧವೃತ್ತ ಕಾಣಬಹುದು.

ರವಿ_ಮೆಟಲರ್ಜಿ
ಒಂದೇ ಅರ್ಧವೃತ್ತ ಬಂದರೂ ಗಡಿ ಇಲ್ಲ ಎಂದು ಆಗುವುದಿಲ್ಲ. ಗಡಿ ಒಳಗಿಗಿಂತ ಚೆನ್ನಾಗಿ ಒಯ್ಯುತ್ತಿದ್ದರೆ ಕರೆಂಟ್ ಅದರ ಉದ್ದಕ್ಕೂ ಹರಿದು ಎರಡೂ ಬೆರೆತುಹೋಗುತ್ತವೆ.

ಸಹನಾ_ಬ್ಯಾಟರಿ
ಅದು ನಿಜ. ಹಾಗಿದ್ದರೆ ಕಣದ ಗಾತ್ರ ಬದಲಿಸಿ ಎರಡು ಪೆಲೆಟ್ ಮಾಡಬೇಕು. ಸಣ್ಣ ಕಣದ್ದು ಜಾಸ್ತಿ ಒಯ್ದರೆ ಗಡಿಯ ಕೆಲಸ.

ಕಾವ್ಯ_ಎಂಎಸ್ಸಿ
ಮೊದಲು ಕ್ಯಾಡ್ಮಿಯಂ ಇಲ್ಲದ ಮಾದರಿಯ ಇಳಿಜಾರು ನೋಡುತ್ತೇನೆ, ಅದಕ್ಕೆ ಹೊಸ ಸಾಮಾನು ಬೇಡ. ಆಮೇಲೆ ಕೆಂಪು ಬಲ್ಬ್ ಹಾಕಿ ಹೊಸ ಬ್ಯಾಚ್ ಕರಗಿಸುತ್ತೇನೆ. Ag₂S ಸಹ ಒಂದು ಮಾದರಿ ಮಾಡಲು ಮೇಡಂ ಹತ್ತಿರ ಕೇಳುತ್ತೇನೆ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.